ಸಾಲದ ಗಡುವು ಕೇಳುವ ಮುನ್ನ ಎದುರಿನವರ ಲೆಕ್ಕ ಹಾಕಿ

ಊದುಬತ್ತಿ ತಯಾರಿಸುವ ಒಂದು ಸಣ್ಣ ಘಟಕ ಇದೆ ಎಂದುಕೊಳ್ಳಿ. ತಿಂಗಳಿಗೆ 2 ಲಕ್ಷ ರೂಪಾಯಿಯ ರಟ್ಟಿನ ಬಾಕ್ಸ್ ತರಿಸುತ್ತದೆ, ಬಾಕ್ಸಿಗೆ 20 ರೂಪಾಯಿ. ಬಿಲ್ಲಿನ ಹಣ 15 ದಿನಕ್ಕೆ ಕೊಡಬೇಕು. ಆದರೆ ಅಂಗಡಿಗಳಿಂದ ಘಟಕಕ್ಕೆ ಹಣ ಬರುವುದು 45 ದಿನಕ್ಕೆ. ಬಾಕ್ಸಿನವರೂ 45 ದಿನ ಕಾಯಲಿ ಎಂದು ಮಾಲೀಕರಿಗೆ ಅನ್ನಿಸುವುದು ಸಹಜ.

ಬಾಕ್ಸಿನವರ ಕಷ್ಟವೂ ಇಂಥದೇ. ಅವರ ಖರ್ಚಿನ ದೊಡ್ಡ ಪಾಲು ಕ್ರಾಫ್ಟ್ ಪೇಪರಿನದು. ಪೇಪರ್ ಮಿಲ್ಲಿಗೆ ಬೇಗ ಹಣ ಕಟ್ಟಬೇಕು. ಆದ್ದರಿಂದ ಮಾತು ಹೀಗೆ ಶುರುವಾದರೆ ಒಳ್ಳೆಯದು: “ಅಣ್ಣಾ, ಹಳೇ ಬಾಕಿ ಎಲ್ಲ ಚುಕ್ತಾ ಆಗಿದೆ. ಪೇಪರಿಗೆ ಬೇಕಾದ ಅರ್ಧ ಹಣ ಮೊದಲಿನ ಹಾಗೆ 15 ದಿನಕ್ಕೇ ಕೊಡ್ತೀನಿ. ಉಳಿದರ್ಧಕ್ಕೆ 45 ದಿನ ಕೊಡಿ.” ಬಾಕಿ ಉಳಿಸಿಕೊಂಡು ಕೇಳಿದರೆ ಇದೇ ಮಾತು ನೆಪದಂತೆ ಕೇಳಿಸುತ್ತದೆ.

ಈ ಏರ್ಪಾಡಿನಲ್ಲಿ ಪ್ರತಿ ತಿಂಗಳ 1 ಲಕ್ಷ ರೂಪಾಯಿ 30 ದಿನ ತಡವಾಗಿ ಬರುತ್ತದೆ. ಅಂದರೆ ಬಾಕ್ಸಿನವರ 1 ಲಕ್ಷ ಸದಾ ನಮ್ಮಲ್ಲಿ ಸಿಕ್ಕಿಕೊಂಡಿರುತ್ತದೆ. ಬ್ಯಾಂಕಿನ ಬಡ್ಡಿ ವರ್ಷಕ್ಕೆ ಶೇ 12 ಎಂದಿಟ್ಟುಕೊಂಡರೆ ಅವರಿಗೆ ಬೀಳುವ ಹೊರೆ ತಿಂಗಳಿಗೆ 1,000 ರೂಪಾಯಿ. ಅದಕ್ಕೆ ಬದಲಾಗಿ ಏನನ್ನಾದರೂ ಕೊಡಬೇಕು. ದಸರಾ-ದೀಪಾವಳಿಯ ಆರ್ಡರನ್ನು ಎರಡು ತಿಂಗಳು ಮೊದಲೇ ತಿಳಿಸುವುದು, ಬಾಕ್ಸಿನ ಅಳತೆಗಳನ್ನು ಕಡಿಮೆ ಮಾಡುವುದು ಅವರ ಖರ್ಚನ್ನೂ ಉಳಿಸುತ್ತವೆ.

ಗಡುವು ಕೊಟ್ಟು, ಬಾಕ್ಸಿಗೆ 20 ಪೈಸೆ ಏರಿಸಿದರೆ? ಕೇಳಲು ಅಲ್ಪ ಅನ್ನಿಸುತ್ತದೆ. ಆದರೆ ಅದು ಶೇ 1, ತಿಂಗಳಿಗೆ 2,000 ರೂಪಾಯಿ. 1 ಲಕ್ಷಕ್ಕೆ ವರ್ಷಕ್ಕೆ ಶೇ 24 ಬಡ್ಡಿ ಕೊಟ್ಟಂತೆ. ಅದರ ಬದಲು ಬ್ಯಾಂಕಿನ ಓವರ್‌ಡ್ರಾಫ್ಟ್ ಅಗ್ಗ. 10 ಪೈಸೆಗೆ ಒಪ್ಪಿದರೆ ಇಬ್ಬರಿಗೂ ಸರಿಸಮ.

ಕಾನೂನಿನ ಮಿತಿಯೂ ಒಂದಿದೆ. ಬಾಕ್ಸಿನವರು ನೋಂದಾಯಿತ ಕಿರು ಅಥವಾ ಸಣ್ಣ ಉದ್ಯಮವಾಗಿದ್ದರೆ, 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಅವರು ಮನಸಾರೆ ಒಪ್ಪಿದರೂ ಗಡುವು 45 ದಿನ ಮೀರುವಂತಿಲ್ಲ. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನವೇ ಮಿತಿ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಗಡುವು ಮೀರಿದ ಬಾಕಿ ಮಾರ್ಚ್ ದಾಟಿ ಉಳಿದರೆ ಆ ಖರ್ಚನ್ನು ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯಲೂ ಬರುವುದಿಲ್ಲ. ಹಾಗಾಗಿ ಬಾಯಿಮಾತಿಗೆ ಬಿಡದೆ, ಹೊಸ ಷರತ್ತನ್ನು ಪರ್ಚೇಸ್ ಆರ್ಡರಿನಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು.

ಮೊದಲು ಮೂರು ತಿಂಗಳಿಗೆ ಮಾತ್ರ ಒಪ್ಪಿಸಿ. ಆರ್ಡರ್ ಕೊಟ್ಟಾಗ ಪೇಪರ್ ಇಲ್ಲ ಎನ್ನತೊಡಗಿದರೆ, ಬಾಕ್ಸಿನ ರಟ್ಟು ತೆಳ್ಳಗಾದರೆ, ಗಡುವಿನ ಭಾರ ಅವರಿಗೆ ಹೆಚ್ಚಾಗಿದೆ ಎಂದೇ ಅರ್ಥ. ಆಗ 45ನ್ನು 30ಕ್ಕೆ ಇಳಿಸುವುದು, ಹೊಸ ಬಾಕ್ಸಿನವರನ್ನು ಹುಡುಕಿ ಪಳಗಿಸುವುದಕ್ಕಿಂತ ಕಡಿಮೆ ಖರ್ಚಿನ ದಾರಿ.