ನೆರಿಗೆಯ ಗುಟ್ಟು ಬಾಬಿನ್ನಿನಲ್ಲಿ

ಬಟ್ಟೆ ಅಂಗಡಿಯಲ್ಲಿ ತೂಗುಹಾಕಿದ ಮಕ್ಕಳ ಫ್ರಾಕಿನ ಎದೆಭಾಗ ಎರಡು ಗೇಣೂ ಇಲ್ಲದಂತೆ ಕಾಣುತ್ತದೆ. ಮಗುವಿಗೆ ತೊಡಿಸಿದರೆ ಅದೇ ಹಿಗ್ಗಿ ಮೈಗೆ ಹದವಾಗಿ ಕೂರುತ್ತದೆ. ಹುಕ್ಕಿಲ್ಲ, ಜಿಪ್ ಇಲ್ಲ. ಒಳಮಗ್ಗಲು ತಿರುವಿ ನೋಡಿದರೆ ಸಾಲುಸಾಲಾಗಿ ಸಣ್ಣ ಎಲಾಸ್ಟಿಕ್ ದಾರ ಓಡಿರುತ್ತದೆ. ಇದಕ್ಕೆ ಶಿರ್ರಿಂಗ್ ಎನ್ನುತ್ತಾರೆ. ಕಾರ್ಖಾನೆಗಳಲ್ಲಿ ಹಲವು ಸೂಜಿಗಳ ಯಂತ್ರ ಅಷ್ಟೂ ಸಾಲನ್ನು ಒಟ್ಟಿಗೆ ಹೊಲಿಯುತ್ತದೆ. ಮನೆಯ ಒಂಟಿಸೂಜಿ ಮಷಿನ್ನಿನಲ್ಲೂ ಇದು ಸಾಧ್ಯ. ಸಾಲನ್ನು ಒಂದೊಂದಾಗಿ ಹಾಕಬೇಕು, ಅಷ್ಟೆ.

ಮೇಲೆ ಮಾಮೂಲಿ ಪಾಲಿಯೆಸ್ಟರ್ ದಾರ, ಕೆಳಗೆ ಬಾಬಿನ್ನಿನಲ್ಲಿ ಎಲಾಸ್ಟಿಕ್ ದಾರ. ಬಾಬಿನ್ ಕೇಸಿನ ತಗಡಿನ ಪಟ್ಟಿಯಡಿ ನುಸುಳಿ ಬರುವಾಗ ಎಲಾಸ್ಟಿಕ್ ಬಿಗಿದು ಹಿಗ್ಗುತ್ತದೆ. ಹಿಗ್ಗಿದ ಸ್ಥಿತಿಯಲ್ಲೇ ಮೇಲಿನ ದಾರ ಅದನ್ನು ಬಟ್ಟೆಗೆ ಕಟ್ಟಿಹಾಕುತ್ತದೆ. ಹೊಲಿಗೆ ಮುಗಿದಾಗ ಎಲಾಸ್ಟಿಕ್ ತನ್ನ ಮೊದಲಿನ ಉದ್ದಕ್ಕೆ ಮರಳಲು ನೋಡುತ್ತದೆ, ಬಟ್ಟೆಯನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ನೆರಿಗೆ ಹುಟ್ಟುವುದು ಹೀಗೆ.

ಎಲಾಸ್ಟಿಕ್ಕನ್ನು ಕೈಯಲ್ಲೇ ಸುತ್ತಬೇಕೆನ್ನುವುದು ಇದೇ ಕಾರಣಕ್ಕೆ. ಮಷಿನ್ನಿನ ಚಕ್ರಕ್ಕೆ ಕೊಟ್ಟು ಸುತ್ತಿದರೆ ದಾರ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲವಾಗುವುದುಂಟು. ಆಮೇಲೆ ಒಂದೇ ಸಾಲಿನಲ್ಲಿ ಅರ್ಧ ನೆರಿಗೆ ದಟ್ಟ, ಅರ್ಧ ತೆಳು. ಕೈಯಲ್ಲಿ ಸುತ್ತುವಾಗ ಎಲಾಸ್ಟಿಕ್ಕನ್ನು ಎಳೆಯಬಾರದು, ಜೋಲು ಬಿಡಲೂಬಾರದು. ಬಾಬಿನ್ನಿನ ಮೇಲೆ ಮಲಗಿಸುವಂತೆ ಸಮನಾಗಿ ಸುತ್ತಿ, ಅಂಚಿಗಿಂತ ತುಸು ಕೆಳಗೇ ನಿಲ್ಲಿಸಬೇಕು. ಎಲಾಸ್ಟಿಕ್ ದಪ್ಪವಾದ್ದರಿಂದ ಬಾಬಿನ್ ಬೇಗ ಖಾಲಿಯಾಗುತ್ತದೆ. ಎರಡು ಮೂರು ಬಾಬಿನ್ ಮೊದಲೇ ಸುತ್ತಿಟ್ಟುಕೊಂಡರೆ ಸಾಲಿನ ನಡುವೆ ತಡಕಾಡಬೇಕಿಲ್ಲ.

ಇನ್ನು ಹೊಲಿಗೆಯ ಉದ್ದ. ಸಾಮಾನ್ಯ ಹೊಲಿಗೆಗೆ 2.5 ಮಿಲಿಮೀಟರ್ ಸಾಕು. ಇಲ್ಲಿ 4ರ ಆಸುಪಾಸು ಬೇಕು. ಪುಟ್ಟ ಹೊಲಿಗೆಯಲ್ಲಿ ಎಲಾಸ್ಟಿಕ್ ಹೆಜ್ಜೆಹೆಜ್ಜೆಗೂ ಕಟ್ಟಿಹಾಕಿದಂತಾಗಿ ನಡುವೆ ಬಟ್ಟೆ ಮಡಿಯಲು ಜಾಗವೇ ಇರುವುದಿಲ್ಲ. ಕೆಲವು ಹಳೆಯ ಮಷಿನ್‌ಗಳ ಮೇಲೆ ಇಂಚಿಗೆ ಎಷ್ಟು ಹೊಲಿಗೆ ಎಂಬ ಅಂಕಿ ಇರುತ್ತದೆ. ಅಲ್ಲಿ ಲೆಕ್ಕ ತಿರುವುಮುರುವು: 6ಕ್ಕೆ ಇಟ್ಟರೆ ಉದ್ದ ಹೊಲಿಗೆ, 20ಕ್ಕೆ ಇಟ್ಟರೆ ಪುಟ್ಟದು.

ಕತ್ತರಿ ಹಾಕುವ ಮೊದಲು ಅದೇ ಬಟ್ಟೆಯ 10 ಇಂಚಿನ ತುಂಡಿನ ಮೇಲೆ ನಾಲ್ಕೈದು ಸಾಲು ಹಾಕಿ ನೋಡಬೇಕು. ಒಂದು ಸಾಲು ಸಾಲದು. ಸಾಲು ಹೆಚ್ಚಿದಂತೆ ಸೆಳೆತವೂ ಹೆಚ್ಚುತ್ತದೆ. ಹಬೆ ಇಸ್ತ್ರಿಪೆಟ್ಟಿಗೆಯನ್ನು ತಾಕಿಸದೆ ಮೇಲಿನಿಂದ ಹಬೆ ಬಿಟ್ಟರೆ ಎಲಾಸ್ಟಿಕ್ ಇನ್ನಷ್ಟು ಮುದುಡುತ್ತದೆ. ಅಳತೆ ತೆಗೆಯುವುದು ಆಮೇಲೆ.

ಮಗುವಿನ ಎದೆ ಸುತ್ತಳತೆ 22 ಇಂಚು ಎಂದುಕೊಳ್ಳಿ. ನೆರಿಗೆ ಮೈ ಹಿಡಿದು ನಿಲ್ಲಲು ಎರಡು ಇಂಚು ಕಡಿಮೆ, ಅಂದರೆ 20 ಇಂಚು ಬೇಕು. ತೆಳು ಮಲ್ ಬಟ್ಟೆಯ ತುಂಡು 10ರಿಂದ 5 ಇಂಚಿಗೆ ಇಳಿದರೆ 40 ಇಂಚು ಬಟ್ಟೆ, ಪಕ್ಕದ ಜೋಡಣೆಗೆ ಇನ್ನೊಂದು ಇಂಚು. ಪಾಪ್ಲಿನ್ ತುಂಡು 6 ಇಂಚಿಗೇ ನಿಂತುಬಿಟ್ಟರೆ ಸುಮಾರು 33 ಇಂಚು, ಜೊತೆಗೆ ಜೋಡಣೆಯ ಒಂದು ಇಂಚು ಸಾಕು. ಪಾಪ್ಲಿನ್ನನ್ನೂ 40 ಇಂಚು ಕತ್ತರಿಸಿದರೆ ನೆರಿಗೆ 24 ಇಂಚಿಗೆ ನಿಲ್ಲುತ್ತದೆ. ಫ್ರಾಕ್ ಎದೆಯಿಂದ ಜಾರುತ್ತದೆ.

ಮೇಲಂಚು ಮಡಿಸಿ ಹೊಲಿದ ಮೇಲೆ ಬಟ್ಟೆಯ ಮೇಲ್ಮೈ ಮೇಲಕ್ಕಿರುವಂತೆ ಇಟ್ಟು ಮೊದಲ ಸಾಲು. ಮುಂದಿನ ಸಾಲುಗಳು ಅರ್ಧ ಇಂಚಿನ ಅಂತರದಲ್ಲಿ. ಎರಡನೆಯ ಸಾಲಿನಿಂದ ಬಟ್ಟೆಯನ್ನು ಸೂಜಿಯ ಹಿಂದೆ ಮುಂದೆ ಹಿಡಿದು ಹಾಸಿದಂತೆ ಚಪ್ಪಟೆ ಮಾಡಿಕೊಂಡೇ ಹೊಲಿಯಬೇಕು. ಮುದುಡಿದ ಬಟ್ಟೆಯ ಮೇಲೆಯೇ ಹೊಲಿದರೆ ಮಡಿಕೆಗಳು ಹೊಲಿಗೆಯಡಿ ಸಿಕ್ಕಿಬೀಳುತ್ತವೆ, ಆಮೇಲೆ ಬಟ್ಟೆ ಪೂರ್ತಿ ಹಿಗ್ಗದು. ಸಾಲಿನ ಕೊನೆಯಲ್ಲಿ ದಾರ ಕತ್ತರಿಸದೆ ಅಂಚಿನಲ್ಲೇ ಅರ್ಧ ಇಂಚು ಇಳಿದು ತಿರುಗಿ ಬಂದರೆ ಗಂಟು ಹಾಕುವ ಕೆಲಸ ಉಳಿಯುತ್ತದೆ.

ಹೊಲಿದ ಮೇಲೂ ಬಟ್ಟೆ ಮುದುಡದಿದ್ದರೆ ಮೊದಲು ಬಾಬಿನ್ ಕೇಸ್ ತೆಗೆದು ನೋಡಿ. ಬಹಳ ಸಲ ಎಲಾಸ್ಟಿಕ್ ತಗಡಿನ ಪಟ್ಟಿಯಡಿ ಕೂತಿರುವುದೇ ಇಲ್ಲ. ಕೂತಿದ್ದೂ ಸಡಿಲವಿದ್ದರೆ ಪಟ್ಟಿಯ ತಿರುಪನ್ನು ಕಾಲು ಸುತ್ತು ಬಿಗಿ ಮಾಡಬೇಕು. ತಿರುಪು ಮೊದಲು ನಿಂತಿದ್ದ ಜಾಗಕ್ಕೆ ಗುರುತು ಹಾಕಿಕೊಳ್ಳದಿದ್ದರೆ ಮಾಮೂಲಿ ಹೊಲಿಗೆ ಕೆಡುತ್ತದೆ. ಶಿರ್ರಿಂಗಿಗೆಂದೇ ಇನ್ನೊಂದು ಕೇಸ್ ಇಟ್ಟುಕೊಳ್ಳುವುದು ಇನ್ನೂ ಸುಲಭ. ಎಲಾಸ್ಟಿಕ್ ಬಟ್ಟೆಯ ಮೇಲ್ಮೈಗೆ ಇಣುಕಿದರೆ ಮೇಲಿನ ದಾರ ಬಿಗಿಯಾಗಿದೆ ಎಂದು ಅರ್ಥ. ಅದನ್ನು ತುಸು ಸಡಿಲಿಸಬೇಕು.

ಕೊನೆಗೆ ಪಕ್ಕದ ಜೋಡಣೆಯನ್ನು ಎಲಾಸ್ಟಿಕ್ ತುದಿಗಳ ಮೇಲೆ ಹಾಯುವಂತೆ ಎರಡು ಬಾರಿ ಹೊಲಿಯಿರಿ. ತುದಿ ಜಾರಿದರೆ ಆ ಸಾಲು ಸಡಿಲವಾಗುತ್ತದೆ. ಫ್ರಾಕನ್ನು ಒಗೆದಾಗ ನೆರಳಲ್ಲಿ ಒಣಗಿಸಿ. ಇಸ್ತ್ರಿಯನ್ನು ಕೆಳಗಿನ ಲಂಗದ ಭಾಗಕ್ಕೆ ಹಾಕಿ, ನೆರಿಗೆಯ ಮೇಲೆ ಒತ್ತಬೇಡಿ: ಬಿಸಿ ಎಲಾಸ್ಟಿಕ್ಕಿನ ಬಿಗಿ ಕೆಡಿಸುತ್ತದೆ.