ತ್ರಿಭುಜದ ಒಳಗೆ ಕೂತ ವೃತ್ತ

ಮೂರು ಮೂಲೆಯ ಒಂದು ತಗಡಿನ ತುಂಡು ಉಳಿದಿದೆ. ಬದಿಗಳು 10, 17 ಮತ್ತು 21 ಇಂಚು. ಇದರಲ್ಲಿ ಒಂದೇ ಒಂದು ದುಂಡು ಬಿಲ್ಲೆ ಕತ್ತರಿಸಬೇಕು, ಆದಷ್ಟು ದೊಡ್ಡದು. ಅಗಲ ಎಷ್ಟು ಬಂದೀತು?

ಮೂರೂ ಬದಿಗಳನ್ನು ಮುಟ್ಟಿಕೊಂಡು ಒಳಗೆ ಕೂರುವ ವೃತ್ತವೇ ಆ ಬಿಲ್ಲೆ. ಗಣಿತದಲ್ಲಿ ಅದು ಅಂತರ್ವೃತ್ತ. ಅದರ ಕೇಂದ್ರದಿಂದ ತ್ರಿಭುಜದ ಮೂರು ಮೂಲೆಗಳಿಗೆ ಗೆರೆ ಎಳೆಯಿರಿ. ದೊಡ್ಡ ತ್ರಿಭುಜ ಮೂರು ಚಿಕ್ಕ ತ್ರಿಭುಜಗಳಾಗಿ ಒಡೆಯುತ್ತದೆ. ಒಂದೊಂದಕ್ಕೂ ಒಂದೊಂದು ಬದಿ ಪಾದವಾಯಿತು. ಎತ್ತರ ಮಾತ್ರ ಮೂರಕ್ಕೂ ಒಂದೇ, ಏಕೆಂದರೆ ಕೇಂದ್ರದಿಂದ ಸ್ಪರ್ಶಬಿಂದುವಿಗೆ ಎಳೆದ ತ್ರಿಜ್ಯ ಆ ಬದಿಗೆ ಲಂಬವಾಗಿರುತ್ತದೆ. ಪಾದ, ಎತ್ತರಗಳ ಗುಣಲಬ್ಧದ ಅರ್ಧವೇ ವಿಸ್ತೀರ್ಣವಲ್ಲವೆ? ಮೂರನ್ನೂ ಕೂಡಿದರೆ ಇಡೀ ತ್ರಿಭುಜದ ವಿಸ್ತೀರ್ಣವೆಂದರೆ ತ್ರಿಜ್ಯವನ್ನು ಸುತ್ತಳತೆಯ ಅರ್ಧದಿಂದ ಗುಣಿಸಿದಷ್ಟು. ವಿಸ್ತೀರ್ಣ A, ಅರ್ಧ ಸುತ್ತಳತೆ s, ತ್ರಿಜ್ಯ r ಎಂದುಕೊಂಡರೆ

A = r × s, ಆದ್ದರಿಂದ r = A / s

ನಮ್ಮ ತಗಡಿನಲ್ಲಿ 21 ಇಂಚಿನ ಬದಿಯ ಮೇಲಿನ ಎತ್ತರ 8 ಇಂಚು, ವಿಸ್ತೀರ್ಣ 84 ಚದರ ಇಂಚು. ಸುತ್ತಳತೆ 48, ಅದರ ಅರ್ಧ 24. 84ನ್ನು 24ರಿಂದ ಭಾಗಿಸಿದರೆ 3.5. ಅಂದರೆ ಏಳು ಇಂಚು ಅಗಲದ ಬಿಲ್ಲೆ.

ಪರೀಕ್ಷೆಯಲ್ಲಿ ಇಲ್ಲಿ ಆಗುವ ತಪ್ಪು ಬಹುತೇಕ ಒಂದೇ: ಅರ್ಧ ಮಾಡುವುದನ್ನು ಮರೆತು ಇಡೀ ಸುತ್ತಳತೆಯಿಂದ ಭಾಗಿಸುವುದು. ಆಗ 1.75 ಬರುತ್ತದೆ, ನೋಡಲು ಅನುಮಾನ ಹುಟ್ಟಿಸುವ ಸಂಖ್ಯೆಯೇನಲ್ಲ. ಹಿಡಿಯಲು ಒಂದು ದಾರಿ ಇದೆ. ಯಾವ ತ್ರಿಭುಜವೇ ಆಗಲಿ, ಅತಿ ಉದ್ದದ ಬದಿಯ ಮೇಲಿನ ಎತ್ತರವನ್ನು ತೆಗೆದುಕೊಳ್ಳಿ. ಒಳವೃತ್ತದ ತ್ರಿಜ್ಯ ಆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾಗುವುದಿಲ್ಲ, ಅರ್ಧವನ್ನು ಮುಟ್ಟುವುದೂ ಇಲ್ಲ. ಇಲ್ಲಿ ಎತ್ತರ 8. ಉತ್ತರ ಸುಮಾರು 2.67 ಮತ್ತು 4ರ ನಡುವೆ ಇರಬೇಕು. 3.5 ಒಳಗಿದೆ, 1.75 ಹೊರಗೆ ಬಿತ್ತು.

ಸೂತ್ರದ ನಿಜವಾದ ಕಸುವು ಕಾಣುವುದು ಅದನ್ನು ತಿರುಗಿಸಿ ಹಿಡಿದಾಗ, ತ್ರಿಜ್ಯ ಗೊತ್ತಿದ್ದು ಬದಿಗಳು ಗೊತ್ತಿಲ್ಲದಾಗ. ಹತ್ತನೇ ತರಗತಿಯ ‘ವೃತ್ತಗಳು’ ಅಧ್ಯಾಯದಲ್ಲಿ ಇಂಥದೊಂದು ಲೆಕ್ಕವಿದೆ, ಮಕ್ಕಳು ಹೆದರುವ ಲೆಕ್ಕ. ತ್ರಿಭುಜದೊಳಗಿನ ವೃತ್ತದ ತ್ರಿಜ್ಯ 4 ಸೆಂ.ಮೀ. ಅದು ಒಂದು ಬದಿಯನ್ನು ಮುಟ್ಟುವ ಬಿಂದು ಆ ಬದಿಯನ್ನು 8 ಮತ್ತು 6 ಸೆಂ.ಮೀ. ಆಗಿ ಒಡೆಯುತ್ತದೆ. ಉಳಿದೆರಡು ಬದಿ ಎಷ್ಟು?

ಒಂದೇ ಮೂಲೆಯಿಂದ ವೃತ್ತಕ್ಕೆ ಎಳೆದ ಎರಡು ಸ್ಪರ್ಶಕಗಳು ಸಮ. ಹಾಗಾಗಿ ಒಂದು ಮೂಲೆಯಿಂದ 8, ಇನ್ನೊಂದರಿಂದ 6, ಮೇಲಿನ ಮೂಲೆಯಿಂದ ಗೊತ್ತಿಲ್ಲದ x. ಬದಿಗಳು 14, x + 8 ಮತ್ತು x + 6. ಅರ್ಧ ಸುತ್ತಳತೆ 14 + x. ಈಗ ವಿಸ್ತೀರ್ಣವನ್ನು ಎರಡು ದಾರಿಯಲ್ಲಿ ಬರೆಯುತ್ತೇವೆ. ನಮ್ಮ ಸೂತ್ರದಂತೆ ಅದು 4(14 + x). ಹೆರಾನನ ಸೂತ್ರಕ್ಕೆ s ನಿಂದ ಒಂದೊಂದೇ ಬದಿಯನ್ನು ಕಳೆಯಬೇಕು. ಕಳೆದರೆ ಉಳಿಯುವುದು x, 6, 8, ಅದೇ ಸ್ಪರ್ಶಕಗಳ ಉದ್ದಗಳು! ಎರಡನ್ನೂ ವರ್ಗ ಮಾಡಿ ಸಮ ಮಾಡಿದರೆ

16(14 + x)² = 48x(14 + x)

ಎರಡೂ ಕಡೆ 16(14 + x) ಹೊಡೆದುಹಾಕಿದರೆ 14 + x = 3x, ಅಂದರೆ x = 7. ಉಳಿದ ಬದಿಗಳು 15 ಮತ್ತು 13. ಆವರಣಗಳನ್ನು ಬಿಡಿಸಿ ಗುಣಿಸಲು ಹೊರಟವರಿಗೆ ವರ್ಗಸಮೀಕರಣ ಎದುರಾಗುತ್ತದೆ, ವಿನಾಕಾರಣ.

ಈ ತ್ರಿಭುಜದ ವಿಸ್ತೀರ್ಣವೂ 84 ಎಂಬುದನ್ನು ಗಮನಿಸಿ. ತಗಡಿನಷ್ಟೇ ವಿಸ್ತೀರ್ಣ, ಆದರೆ ಸುತ್ತಳತೆ 48ರ ಬದಲು 42. ಅದಕ್ಕೇ ತ್ರಿಜ್ಯ 3.5ರಿಂದ 4ಕ್ಕೆ ಏರಿತು.

ಈ ನಿಯಮ ನಮ್ಮ ನಾಡಿಗೆ ಹೊಸದಲ್ಲ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯ ತನ್ನ ಸಂಸ್ಕೃತ ಗ್ರಂಥ ‘ಗಣಿತಸಾರಸಂಗ್ರಹ’ದಲ್ಲಿ ಇದನ್ನು ಹೇಳಿದ್ದಾನೆ. ಅವನು ಕೇಳುವುದು ವ್ಯಾಸವನ್ನು, ಆದ್ದರಿಂದ ವಿಸ್ತೀರ್ಣವನ್ನು ಸುತ್ತಳತೆಯ ಕಾಲುಭಾಗದಿಂದ ಭಾಗಿಸು ಎನ್ನುತ್ತಾನೆ. ತಗಡಿಗೆ ಹಾಕಿ ನೋಡಿ: 84 ಭಾಗಿಸು 12, ಏಳು. ತ್ರಿಭುಜಕ್ಕಷ್ಟೇ ನಿಲ್ಲದೆ ಚತುರ್ಭುಜಗಳಿಗೂ ನಿಯಮವನ್ನು ಚಾಚುವ ಅವನು ಆಯತವನ್ನು ಮಾತ್ರ ಹೊರಗಿಡುತ್ತಾನೆ. ಕಾರಣವಿದೆ. 10ಕ್ಕೆ 4ರ ಆಯತದ ವಿಸ್ತೀರ್ಣ 40, ಸುತ್ತಳತೆಯ ಕಾಲುಭಾಗ 7. ವ್ಯಾಸ ಐದೂವರೆಗಿಂತ ಹೆಚ್ಚು ಬರುತ್ತದೆ, ಆಯತದ ಅಗಲವೇ ನಾಲ್ಕು. ಎಲ್ಲ ಬದಿಗಳನ್ನೂ ಮುಟ್ಟುವ ವೃತ್ತ ಇದ್ದರೆ ಮಾತ್ರ ಈ ಭಾಗಾಕಾರಕ್ಕೆ ಅರ್ಥ. ತ್ರಿಭುಜದಲ್ಲಿ ಅಂಥ ವೃತ್ತ ಯಾವಾಗಲೂ ಇರುತ್ತದೆ; ನಾಲ್ಕು ಬದಿಯ ಆಕೃತಿಯಲ್ಲಿ ಎದುರುಬದುರು ಬದಿಗಳ ಮೊತ್ತಗಳು ಸಮವಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು.