ಒಂದು ಹಾಳೆ, ಐದು ನಿಮಿಷ, ಹದಿನೈದು ಲಕ್ಷದ ಲೆಕ್ಕ

ತಿಂಗಳು ಮುಗಿದ ಮೊದಲ ವಾರದಲ್ಲಿ ಆನ್‌ಲೈನ್ ವ್ಯಾಪಾರದ ಕಚೇರಿಗಳಲ್ಲಿ ಒಂದು ಎಕ್ಸೆಲ್ ಫೈಲು ಓಡಾಡುತ್ತದೆ. ಗೂಗಲ್‌ನಿಂದ ಇಳಿಸಿಕೊಂಡದ್ದು ಒಂದು ಶೀಟು, ಫೇಸ್‌ಬುಕ್-ಇನ್‌ಸ್ಟಾಗ್ರಾಂ ನಡೆಸುವ ಮೆಟಾದಿಂದ ಇಳಿಸಿಕೊಂಡದ್ದು ಇನ್ನೊಂದು. ನಲವತ್ತು ಜಾಹೀರಾತು ನಡೆದಿದ್ದರೆ ದಿನಕ್ಕೊಂದರಂತೆ ಸಾವಿರದ ಇನ್ನೂರು ಸಾಲು. ಎಷ್ಟು ಸಲ ಕಾಣಿಸಿತು, ಎಷ್ಟು ಜನ ಒತ್ತಿದರು, ಒಂದು ಒತ್ತಿಗೆ ಎಷ್ಟು ಬಿತ್ತು ಎಂದು ಕಾಲಂ ಮೇಲೆ ಕಾಲಂ. ಇದನ್ನೆಲ್ಲ ಒಂದೇ ಹಾಳೆಗೆ ಇಳಿಸಿ ಎಂ.ಡಿ. ಮುಂದೆ ಇಡಬೇಕು. ಅವರಿಗಿರುವುದು ಒಂದು ಮೀಟಿಂಗಿಗೂ ಇನ್ನೊಂದಕ್ಕೂ ನಡುವಿನ ಐದು ನಿಮಿಷ.

ಹಾಳೆ ಬರೆಯಲು ಕುಳಿತವರು ಸಾಮಾನ್ಯವಾಗಿ ಮಾಡುವುದು ದೊಡ್ಡ ಕೋಷ್ಟಕವನ್ನು ಚಿಕ್ಕ ಕೋಷ್ಟಕವಾಗಿಸುವ ಕೆಲಸ. ನಲವತ್ತು ಸಾಲು ಎಂಟಾಗುತ್ತದೆ, ಜೊತೆಗೊಂದು ಬಣ್ಣದ ಗ್ರಾಫು ಬರುತ್ತದೆ, 'ತೊಂಬತ್ತು ಲಕ್ಷ ಸಲ ಕಾಣಿಸಿದೆ' ಎಂಬ ಸಾಲು ದಪ್ಪಕ್ಷರದಲ್ಲಿ ಕೂರುತ್ತದೆ. ಎಂ.ಡಿ. ಅದನ್ನು ನೋಡಿ ಕೇಳುವ ಪ್ರಶ್ನೆ ಮಾತ್ರ ಒಂದೇ: "ಹಾಕಿದ ದುಡ್ಡು ಬಂತಾ?" ಹಾಳೆಯಲ್ಲಿ ಅದಕ್ಕೆ ಉತ್ತರ ಇರುವುದಿಲ್ಲ.

ಉತ್ತರ ಹುಡುಕುವುದು ಹೇಗೆ ಎಂಬುದಕ್ಕೆ ಒಂದು ಲೆಕ್ಕ ಕಟ್ಟಿ ನೋಡಬಹುದು. ಬೆಂಗಳೂರಿನಲ್ಲಿ ಆನ್‌ಲೈನ್‌ನಲ್ಲಿ ಸೀರೆ ಮಾರುವ ಒಂದು ಕಂಪನಿ, ತಿಂಗಳು 2025ರ ಸೆಪ್ಟೆಂಬರ್ ಎಂದಿಟ್ಟುಕೊಳ್ಳೋಣ. ಕಂಪನಿಯೂ ಅದರ ಅಂಕಿಗಳೂ ಕಲ್ಪಿತ. ಅಲ್ಲಿ ಬರುವ ಎಡವಟ್ಟುಗಳು ಮಾತ್ರ ಈ ಕೆಲಸ ಮಾಡುವವರಿಗೆಲ್ಲ ಪರಿಚಿತ.

ಆ ತಿಂಗಳು ಗೂಗಲ್‌ಗೆ ಆರು ಲಕ್ಷ, ಮೆಟಾಕ್ಕೆ ಒಂಬತ್ತು ಲಕ್ಷ, ಒಟ್ಟು ಹದಿನೈದು ಲಕ್ಷ ರೂಪಾಯಿ ಖರ್ಚಾಗಿದೆ. ಮೊದಲ ಎಡವಟ್ಟು ಇಲ್ಲೇ ಕಾದಿರುತ್ತದೆ. ಇಳಿಸಿದ ಫೈಲಿನಲ್ಲಿ 'ಒಟ್ಟು' ಎಂಬ ಸಾಲೂ ಸೇರಿಕೊಂಡಿರುತ್ತದೆ. ಅದನ್ನು ತೆಗೆಯದೆ ಕಾಲಂ ಕೂಡಿದರೆ ಖರ್ಚು ಮೂವತ್ತು ಲಕ್ಷವಾಗುತ್ತದೆ. ಆದ್ದರಿಂದ ಕೂಡಿ ಬಂದ ಮೊತ್ತವನ್ನು ಅಕೌಂಟ್ಸ್ ವಿಭಾಗದಲ್ಲಿರುವ ಬಿಲ್ಲಿನ ಜೊತೆ ತಾಳೆ ನೋಡುವುದು ಮೊದಲ ಕೆಲಸ. ಬಿಲ್ಲಿನಲ್ಲಿ ಶೇ. 18 ಜಿಎಸ್‌ಟಿ ಸೇರಿ ಹದಿನೇಳು ಲಕ್ಷ ಎಪ್ಪತ್ತು ಸಾವಿರ ಇರುತ್ತದೆ. ಹಾಳೆಯಲ್ಲಿ 'ಜಿಎಸ್‌ಟಿ ಬಿಟ್ಟು' ಎಂದು ಎರಡು ಪದ ಬರೆಯದಿದ್ದರೆ ಐದು ನಿಮಿಷದಲ್ಲಿ ಮೂರು ನಿಮಿಷ ಆ ವ್ಯತ್ಯಾಸದ ವಿಚಾರಣೆಗೇ ಹೋಗುತ್ತದೆ.

ಇನ್ನು ಆರ್ಡರ್. ಗೂಗಲ್ ತನ್ನಿಂದ 1,100 ಆರ್ಡರ್ ಬಂತು ಎನ್ನುತ್ತದೆ. ಮೆಟಾ ತನ್ನಿಂದ 1,700 ಎನ್ನುತ್ತದೆ. ಕೂಡಿದರೆ 2,800. ಆರ್ಡರಿಗೆ 536 ರೂಪಾಯಿ ಖರ್ಚು. ಸರಾಸರಿ ಆರ್ಡರ್ 2,400 ರೂಪಾಯಿಯದಾದ್ದರಿಂದ ಹಾಕಿದ ಒಂದು ರೂಪಾಯಿಗೆ ನಾಲ್ಕೂವರೆ ರೂಪಾಯಿ ವ್ಯಾಪಾರ. ಓದಲು ಸೊಗಸಾಗಿದೆ. ಆದರೆ ಅಂಗಡಿಯ ಸ್ವಂತ ಪುಸ್ತಕ ತೆರೆದರೆ ಆ ತಿಂಗಳು ಬಂದ ಆರ್ಡರ್ ಎಲ್ಲ ಸೇರಿ 2,150. ಜಾಹೀರಾತೇ ನೋಡದೆ ನೇರವಾಗಿ ಬಂದವರೂ ಅದರಲ್ಲಿದ್ದಾರೆ.

ಇಲ್ಲದ 650 ಆರ್ಡರ್ ಎಲ್ಲಿಂದ ಹುಟ್ಟಿದವು? ಯಾರೂ ಸುಳ್ಳು ಹೇಳಿಲ್ಲ. ಒಬ್ಬಾಕೆ ಸೋಮವಾರ ಇನ್‌ಸ್ಟಾಗ್ರಾಂನಲ್ಲಿ ಇಳಕಲ್ ಸೀರೆಯ ಜಾಹೀರಾತು ಒತ್ತುತ್ತಾಳೆ. ಗುರುವಾರ ಗೂಗಲ್‌ನಲ್ಲಿ ಅಂಗಡಿಯ ಹೆಸರು ಹುಡುಕಿ, ಮೇಲೆ ಬಂದ ಜಾಹೀರಾತನ್ನೇ ಒತ್ತಿ ಕೊಳ್ಳುತ್ತಾಳೆ. ಮೆಟಾದ ರೂಢಿಯ ಲೆಕ್ಕದಲ್ಲಿ ಒತ್ತಿದ ಏಳು ದಿನದೊಳಗೆ ಕೊಂಡರೆ ಅದು ಮೆಟಾದ ಆರ್ಡರ್. ಗೂಗಲ್ ರೂಢಿಯಲ್ಲಿ ಮೂವತ್ತು ದಿನದವರೆಗೆ ಎಣಿಸುತ್ತದೆ, ಹಾಗಾಗಿ ಅದು ಗೂಗಲ್‌ನದೂ ಹೌದು. ಸೀರೆ ಒಂದು, ಹಕ್ಕುದಾರರು ಇಬ್ಬರು. ಮದುವೆ ಕುದುರಿದ ಮೇಲೆ ಇಬ್ಬರು ದಲ್ಲಾಳಿಗಳು 'ನಾನೇ ಮಾಡಿಸಿದ್ದು' ಎಂದು ಬಂದು ನಿಂತ ಹಾಗೆ. ಹೀಗಾಗಿ ಹಾಳೆಯ ಮೇಲೆ ಹೋಗಬೇಕಾದ ಆರ್ಡರ್ ಸಂಖ್ಯೆ ಅಂಗಡಿಯ ಪುಸ್ತಕದ್ದೇ. ಗೂಗಲ್, ಮೆಟಾಗಳ ಸಂಖ್ಯೆ ಒಂದು ಜಾಹೀರಾತನ್ನು ಅದೇ ಕಂಪನಿಯ ಇನ್ನೊಂದರ ಜೊತೆ ಹೋಲಿಸಲು ಸಾಕು, ಕೂಡಿಸಲು ಬಾರದು.

2,150ರಲ್ಲಿ ಎಲ್ಲವೂ ಮನೆ ಸೇರುವುದಿಲ್ಲ. ಕ್ಯಾಷ್ ಆನ್ ಡೆಲಿವರಿಯಲ್ಲಿ ಕೊರಿಯರ್‌ನವನು ಬಾಗಿಲು ತಟ್ಟಿದಾಗ 'ಬೇಡ' ಎನ್ನುವವರಿದ್ದಾರೆ, ಬಣ್ಣ ಬೇರೆ ಎಂದು ವಾಪಸ್ ಕಳಿಸುವವರಿದ್ದಾರೆ. ಅಂಥವು 400 ಎಂದು ಹಿಡಿದರೆ ಉಳಿದದ್ದು 1,750. ಅಕ್ಟೋಬರ್ ಮೊದಲ ವಾರದಲ್ಲಿ ಹಾಳೆ ಬರೆಯುವಾಗ ಕೊನೆಯ ದಿನಗಳ ಪಾರ್ಸೆಲ್‌ಗಳು ಇನ್ನೂ ದಾರಿಯಲ್ಲಿರುತ್ತವೆ. ಅವುಗಳಿಗೆ ಹಿಂದಿನ ತಿಂಗಳ ವಾಪಸಾತಿ ಪ್ರಮಾಣ ಹಾಕಿ, ಪಕ್ಕದಲ್ಲಿ 'ಅಂದಾಜು' ಎಂದು ಬರೆಯಬೇಕು. ಈಗ ತಲುಪಿದ ಆರ್ಡರ್ ಒಂದಕ್ಕೆ ಜಾಹೀರಾತಿನ ಖರ್ಚು 857 ರೂಪಾಯಿ. ಸೀರೆಯ ಅಸಲು, ಸಾಗಣೆ, ವಾಪಸಾದವುಗಳ ಸಾಗಣೆ ಎಲ್ಲ ಕಳೆದು ಆರ್ಡರಿಗೆ ಸಿಗುವುದು 950 ಎಂದಾದರೆ, ಜಾಹೀರಾತು ಕಳೆದ ಮೇಲೆ ಕೈಯಲ್ಲಿ ಉಳಿಯುವುದು 93 ರೂಪಾಯಿ. ನಾಲ್ಕೂವರೆ ಪಟ್ಟಿನ ಸಂಭ್ರಮ ಇಳಿದು ಬಂದು ನಿಂತದ್ದು ಇಲ್ಲಿ.

ಈಗ ಆಗಸ್ಟ್ ಪಕ್ಕದಲ್ಲಿಡಿ. ಆಗ ಖರ್ಚು ಹನ್ನೆರಡು ಲಕ್ಷ, ತಲುಪಿದ ಆರ್ಡರ್ 1,600, ಆರ್ಡರಿಗೆ 750 ರೂಪಾಯಿ. 750 ಇದ್ದದ್ದು 857 ಆಯಿತು ಎಂದರೆ ಎಂ.ಡಿ. 'ಸ್ವಲ್ಪ ಜಾಸ್ತಿಯಾಗಿದೆ' ಎಂದು ಮುಂದೆ ಹೋಗುತ್ತಾರೆ. ಸರಾಸರಿಯ ಮೋಸ ಅದು. ಸೆಪ್ಟೆಂಬರ್‌ನಲ್ಲಿ ಹೆಚ್ಚಿಗೆ ಸುರಿದದ್ದು ಮೂರು ಲಕ್ಷ, ಹೆಚ್ಚಿಗೆ ತಲುಪಿದ್ದು 150 ಆರ್ಡರ್. ಆ ಒಂದೊಂದಕ್ಕೂ ಬಿದ್ದದ್ದು ಎರಡು ಸಾವಿರ ರೂಪಾಯಿ, ಸಿಕ್ಕಿದ್ದು 950. ಆಗಸ್ಟ್‌ನಲ್ಲಿ ಮೂರು ಲಕ್ಷ ಇಪ್ಪತ್ತು ಸಾವಿರ ಉಳಿದಿತ್ತು, ಸೆಪ್ಟೆಂಬರ್‌ನಲ್ಲಿ ಒಂದು ಲಕ್ಷ ಅರವತ್ತೆರಡು ಸಾವಿರ. ವ್ಯಾಪಾರ ಏರಿದೆ, ಉಳಿಕೆ ಅರ್ಧಕ್ಕಿಳಿದಿದೆ. ಹಾಳೆಯ ಮೊದಲ ಸಾಲು ಇದೇ ಆಗಬೇಕು.

ಆದರೆ ಎರಡು ತಿಂಗಳು ಹೋಲಿಸುವ ಮುಂಚೆ ಪಂಚಾಂಗ ತೆರೆಯಬೇಕು. ಸೀರೆ ವ್ಯಾಪಾರಿಗೆ ಇದು ಹೇಳಿಕೊಡಬೇಕಾದ ಮಾತಲ್ಲ, ಎಕ್ಸೆಲ್‌ಗೆ ಹೇಳಿಕೊಡಬೇಕು. 2024ರಲ್ಲಿ ವಿಜಯದಶಮಿ ಅಕ್ಟೋಬರ್ 12ಕ್ಕೆ, ಗೌರಿ-ಗಣೇಶ ಸೆಪ್ಟೆಂಬರ್ ಮೊದಲ ವಾರಕ್ಕೆ ಬಂದಿದ್ದವು. 2025ರಲ್ಲಿ ಗೌರಿ ಹಬ್ಬ ಆಗಸ್ಟ್ ಕೊನೆಗೆ ಸರಿಯಿತು, ನವರಾತ್ರಿ ಸೆಪ್ಟೆಂಬರ್ 22ಕ್ಕೇ ಶುರುವಾಯಿತು. 'ಕಳೆದ ವರ್ಷದ ಸೆಪ್ಟೆಂಬರ್‌ಗಿಂತ ಇಷ್ಟು ಹೆಚ್ಚು' ಎಂಬ ಸಾಲಿಗೆ ಅರ್ಥವೇ ಇರುವುದಿಲ್ಲ. ಆಗಸ್ಟ್‌ನಲ್ಲಿ ವರಮಹಾಲಕ್ಷ್ಮಿಯೂ ಗೌರಿಯೂ ಇದ್ದವು, ಸೆಪ್ಟೆಂಬರ್‌ನಲ್ಲಿ ದಸರಾ ಇತ್ತು ಎಂದು ಸಮಾಧಾನ ಮಾಡಿಕೊಳ್ಳಬಹುದು. ಆದರೆ ಸೆಪ್ಟೆಂಬರ್ 8ರಿಂದ 21ರವರೆಗೆ ಪಿತೃಪಕ್ಷ. ಅನೇಕ ಮನೆಗಳಲ್ಲಿ ಆ ಎರಡು ವಾರ ಹೊಸ ಬಟ್ಟೆಯ ಮಾತಿಲ್ಲ. ಹೆಚ್ಚುವರಿ ಮೂರು ಲಕ್ಷದ ಬಹುಪಾಲು ಖರ್ಚಾದದ್ದು ಆ ದಿನಗಳಲ್ಲೇ ಎಂದು ತಾರೀಖಿನ ಕಾಲಂ ತೋರಿಸಿದರೆ ಒಂದು ಕಾರಣ ಸಿಕ್ಕಂತೆ.

ಇನ್ನೊಂದು ಕಾರಣ ಹಣ ಹೋದ ದಾರಿಯಲ್ಲಿದೆ. ಅದು ಹೋದದ್ದು ರೀಮಾರ್ಕೆಟಿಂಗ್‌ಗೆ, ಎಂದರೆ ಒಮ್ಮೆ ಸೈಟಿಗೆ ಬಂದು ಸೀರೆ ನೋಡಿ ಹೋದವರ ಬೆನ್ನು ಹತ್ತುವ ಜಾಹೀರಾತಿಗೆ. ಮೆಟಾದ ಪಟ್ಟಿಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಅದೇ: 600 ಆರ್ಡರ್. ಮೆಟಾದಲ್ಲೇ ಒಂದು ಅನುಕೂಲವಿದೆ. ಒತ್ತಿ ಕೊಂಡವರೆಷ್ಟು, ಬರೀ ಕಣ್ಣಿಗೆ ಬಿದ್ದು ಒಂದು ದಿನದೊಳಗೆ ಕೊಂಡವರೆಷ್ಟು ಎಂದು ಬಿಡಿಸಿ ನೋಡಬಹುದು. ಬಿಡಿಸಿದಾಗ ಒತ್ತಿದವರು 220, ಉಳಿದ 380 ಮಂದಿಯ ಮೊಬೈಲಿನಲ್ಲಿ ಜಾಹೀರಾತು ಸುಮ್ಮನೆ ಹಾದುಹೋಗಿದೆ. ಸೀರೆಯನ್ನು ಆಗಲೇ ಬುಟ್ಟಿಗೆ ಹಾಕಿಟ್ಟಿದ್ದವಳು ಜಾಹೀರಾತು ಇಲ್ಲದಿದ್ದರೂ ಕೊಳ್ಳುತ್ತಿದ್ದಳೇನೋ.

ಈ 'ಏನೋ'ವನ್ನು ಎಕ್ಸೆಲ್ ಬಗೆಹರಿಸಲಾರದು. ಜಾಹೀರಾತು ನಿಲ್ಲಿಸಿಯೇ ನೋಡಬೇಕು. ಇ-ಬೇ ಕಂಪನಿ 2012ರಲ್ಲಿ ಹಾಗೆ ಮಾಡಿ ನೋಡಿತ್ತು. ತನ್ನದೇ ಹೆಸರು ಹುಡುಕುವವರಿಗೆ ತೋರಿಸುತ್ತಿದ್ದ ಜಾಹೀರಾತನ್ನು ಗೂಗಲ್ ಬಿಟ್ಟು ಬೇರೆ ಹುಡುಕುತಾಣಗಳಲ್ಲಿ ನಿಲ್ಲಿಸಿತು. ಜಾಹೀರಾತಿನ ಮೂಲಕ ಬರುತ್ತಿದ್ದವರಲ್ಲಿ ಶೇ. 99.5 ಪಾಲು ಪುಕ್ಕಟೆ ಫಲಿತಾಂಶ ಒತ್ತಿಕೊಂಡು ಬಂದರು. ಬ್ಲೇಕ್, ನಾಸ್ಕೊ ಮತ್ತು ಟಡೆಲಿಸ್ ಇದನ್ನು 2015ರಲ್ಲಿ 'ಇಕನಾಮೆಟ್ರಿಕಾ' ಪತ್ರಿಕೆಯಲ್ಲಿ ಪ್ರಕಟಿಸಿದರು. ಹೊಸ ಗಿರಾಕಿಗಳ ವಿಷಯದಲ್ಲಿ ಜಾಹೀರಾತು ಕೆಲಸ ಮಾಡಿದ್ದನ್ನೂ ಅವರು ಕಂಡರು. ಇ-ಬೇಯಷ್ಟು ಹೆಸರಿಲ್ಲದ ಸೀರೆ ಅಂಗಡಿಗೆ ಇದೇ ಫಲಿತಾಂಶ ಬರುತ್ತದೆಂದಲ್ಲ. ವಿಧಾನ ಮಾತ್ರ ಎತ್ತಿಕೊಳ್ಳಬಹುದು.

ಇಷ್ಟಾದ ಮೇಲೆ ಹಾಳೆ ತಾನಾಗಿ ಕಟ್ಟಿಕೊಳ್ಳುತ್ತದೆ. ಮೇಲೆ ಎರಡು ಸಾಲು: 'ಸೆಪ್ಟೆಂಬರ್‌ನಲ್ಲಿ ಜಾಹೀರಾತಿಗೆ ಮೂರು ಲಕ್ಷ ಹೆಚ್ಚು ಹಾಕಿದೆವು. ವ್ಯಾಪಾರ ಶೇ. 9 ಏರಿತು, ಉಳಿಕೆ 3.2 ಲಕ್ಷದಿಂದ 1.6 ಲಕ್ಷಕ್ಕೆ ಇಳಿಯಿತು.' ಅದರ ಕೆಳಗೆ ಎರಡು ತಿಂಗಳ ನಾಲ್ಕೇ ಅಂಕಿಗಳ ಕೋಷ್ಟಕ: ಖರ್ಚು, ತಲುಪಿದ ಆರ್ಡರ್, ಆರ್ಡರಿಗೆ ಬಿದ್ದ ಖರ್ಚು, ಉಳಿಕೆ. ಆಮೇಲೆ ಕಾರಣದ ಪ್ಯಾರಾ: 'ಹೆಚ್ಚುವರಿ ಹಣ ರೀಮಾರ್ಕೆಟಿಂಗ್‌ಗೆ, ಬಹುಪಾಲು ಪಿತೃಪಕ್ಷದಲ್ಲಿ ಹೋಯಿತು. ಎರಡರಲ್ಲಿ ಯಾವುದರ ತಪ್ಪು ಹೆಚ್ಚೆಂದು ಈ ಅಂಕಿಗಳಿಂದ ಹೇಳಲಾಗದು.' ಈ ಕೊನೆಯ ವಾಕ್ಯವನ್ನು ಅಳಿಸಲು ಬರೆದವರ ಕೈ ತುರಿಸುತ್ತದೆ, ದೌರ್ಬಲ್ಯದಂತೆ ಕಾಣುವುದರಿಂದ. ಅಳಿಸಬಾರದು. ಮುಂದಿನ ತಿಂಗಳು ಲೆಕ್ಕ ತಿರುವುಮುರುವಾದರೆ ಬರೆದವರನ್ನು ಕಾಯುವುದು ಅದೇ.

ಕೆಳಗೆ ಕೇಳುವ ತೀರ್ಮಾನ: 'ಹೆಚ್ಚುವರಿ ಮೂರು ಲಕ್ಷ ಹಿಂತೆಗೆಯೋಣ. ಮೈಸೂರು, ಹುಬ್ಬಳ್ಳಿಗಳಲ್ಲಿ ಎರಡು ವಾರ ರೀಮಾರ್ಕೆಟಿಂಗ್ ಪೂರ್ತಿ ನಿಲ್ಲಿಸಿ, ಮಂಗಳೂರು, ಬೆಳಗಾವಿಗಳಲ್ಲಿ ನಡೆಸಿ ಆರ್ಡರ್ ಹೋಲಿಸೋಣ.' ಇದಕ್ಕೂ ಮಿತಿ ಇದೆ. ಎರಡು ವಾರಕ್ಕೆ ಐವತ್ತು ಅರವತ್ತು ಆರ್ಡರ್ ಬರುವ ಊರಿನಲ್ಲಿ ಏಳೆಂಟು ಹೆಚ್ಚುಕಡಿಮೆ ಆಗುವುದು ಸಹಜ. ಅಷ್ಟಕ್ಕೇ ಜಾಹೀರಾತನ್ನು ಹೊಗಳುವಂತೆಯೂ ಇಲ್ಲ, ತೆಗಳುವಂತೆಯೂ ಇಲ್ಲ.

ತೊಂಬತ್ತು ಲಕ್ಷ ಸಲ ಕಾಣಿಸಿದ್ದು, ಒತ್ತಿದವರ ಶೇಕಡಾವಾರು, ತಲುಪಿದ ಜನರ ಸಂಖ್ಯೆ ಇವಕ್ಕೆ ಈ ಹಾಳೆಯಲ್ಲಿ ಜಾಗವಿಲ್ಲ. ಕೇಳಿದರೆ ತೋರಿಸಲು ಶೀಟು ಇದ್ದೇ ಇರುತ್ತದೆ. ತಲುಪಿದ ಜನರ ಸಂಖ್ಯೆಯನ್ನಂತೂ ಜಾಹೀರಾತುವಾರು ಕೂಡಲೇಬಾರದು, ಒಬ್ಬಳೇ ನಾಲ್ಕು ಕಡೆ ಎಣಿಕೆಯಾಗಿರುತ್ತಾಳೆ.

ಹಾಳೆಯ ಕೊನೆಯ ಸಾಲು ಒಂದು ತಾರೀಖು: 'ಒಪ್ಪಿಗೆ ಅಕ್ಟೋಬರ್ 8ರೊಳಗೆ ಬೇಕು.' 2025ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 20ಕ್ಕಿತ್ತು, ಹಬ್ಬದ ಸೀರೆ ಗೋದಾಮು ಬಿಡಬೇಕಾದದ್ದು 15ರ ಹೊತ್ತಿಗೆ.